ಹದಿಮೂರು ನಿಮಿಷ ಎಲ್ಲಿ ಹೋಯ್ತು?

ಶಿಕಾಗೋ ಮ್ಯಾರಥಾನ್ ಮುಗಿಸಿ ಮನೆಗೆ ಬಂದು, ಕಾಲನ್ನ ಬಿಸಿನೀರಲ್ಲಿ ಇಟ್ಕೊಂಡು ಕೂತಿದ್ದೆ. 4 ಗಂಟೆ 10 ನಿಮಿಷ. "ಕೊನೇಲಿ ಸ್ವಲ್ಪ ಸುಸ್ತಾಯ್ತು, ಅಷ್ಟೇ" ಅಂತ ಮನೆಯವರಿಗೆಲ್ಲ ಹೇಳಿದ್ದೆ. ಮಗಳು ಫೋನಲ್ಲಿ ನನ್ನ ಫಲಿತಾಂಶ ತೆಗೆದು ನೋಡಿ, "ಅಪ್ಪಾ, ಮೊದಲರ್ಧ 1:58:20, ಎರಡನೇ ಅರ್ಧ 2:11:40. ಇದು ಸ್ವಲ್ಪಾನಾ?" ಅಂದಳು.

ನೀವೂ ಓಡಿದ್ರೆ ಈ ಲೆಕ್ಕ ಮಾಡಿ ನೋಡಿ. ಒಟ್ಟು ಸಮಯದಿಂದ 21.1 ಕಿಲೋಮೀಟರಿನ ಸಮಯ ಕಳೆದರೆ ಎರಡನೇ ಅರ್ಧ ಸಿಗುತ್ತೆ. ನನ್ನ ವ್ಯತ್ಯಾಸ 13 ನಿಮಿಷ 20 ಸೆಕೆಂಡು. ಮೊದಲರ್ಧಕ್ಕೆ ಹೋಲಿಸಿದರೆ ಶೇಕಡಾ 11ಕ್ಕೂ ಹೆಚ್ಚು. ನಿಮಿಷಕ್ಕಿಂತ ಈ ಶೇಕಡಾ ಮುಖ್ಯ, ಯಾಕಂದ್ರೆ ಐದು ಗಂಟೆ ಓಡುವವರಿಗೂ ಮೂರು ಗಂಟೆ ಓಡುವವರಿಗೂ ಹದಿಮೂರು ನಿಮಿಷ ಒಂದೇ ಅಲ್ಲ. 2023ರಲ್ಲಿ ಇದೇ ಶಿಕಾಗೋದಲ್ಲಿ ಕೆಲ್ವಿನ್ ಕಿಪ್ಟಮ್ ವಿಶ್ವದಾಖಲೆ ಮಾಡಿದಾಗ ಮೊದಲರ್ಧ 60:48, ಎರಡನೆಯದು 59:47. ಆತ ಕೊನೆಗೆ ವೇಗ ಹೆಚ್ಚಿಸಿದ್ದ!

ಎರಡೂ ಸಮಯ ಒಂದೇ ಗಡಿಯಾರದ್ದಾಗಿರಬೇಕು, ಇದನ್ನ ಮರೀಬೇಡಿ. ರಸ್ತೆ ಬದಿಯ ದೊಡ್ಡ ಗಡಿಯಾರ ಓಟ ಶುರುವಾದ ಕ್ಷಣದಿಂದ ಎಣಿಸುತ್ತೆ. ಹಿಂದಿನ ಗುಂಪಿನವರು ಗೆರೆ ದಾಟೋಕೆ ಕಾದ ಸಮಯವೂ ಅದರಲ್ಲಿ ಸೇರುತ್ತೆ. ಅದನ್ನೇ ಮೊದಲರ್ಧ ಅಂತ ತಗೊಂಡು, ಕೊನೆಯದನ್ನ ಚಿಪ್ ಸಮಯದಿಂದ ತಗೊಂಡ್ರೆ, ಕೆಟ್ಟ ಓಟವೂ ಸಮವಾಗಿ ಓಡಿದ ಹಾಗೆ ಕಾಣುತ್ತೆ.

ಶಿಕಾಗೋ ಸಮತಟ್ಟು, ಹಾಗಾಗಿ ನನಗೆ ನೆಪ ಇರಲಿಲ್ಲ. ಬಾಸ್ಟನ್ ಆಗಿದ್ರೆ ಬೇರೆ ಮಾತು. ಅಲ್ಲಿ ಶುರುವಿನಲ್ಲಿ ಇಳಿಜಾರು, ನ್ಯೂಟನ್ನಿನ ಏರುಗಳೆಲ್ಲ ಎರಡನೇ ಅರ್ಧದಲ್ಲಿ. ಅಲ್ಲಿ ಎರಡನೇ ಅರ್ಧ ನಿಧಾನವಾದ ಮಾತ್ರಕ್ಕೆ ಓಟಗಾರ ಎಡವಿದ ಅಂತ ಹೇಳೋಕಾಗಲ್ಲ.

ಆದ್ರೂ ಎರಡು ಅಂಕಿ ಪೂರ್ತಿ ಕತೆ ಹೇಳಲಿಲ್ಲ. ಮಗಳು 30 ಕಿಲೋಮೀಟರಿನ ಸಮಯವನ್ನೂ ತೆಗೆದಳು. ಮೊದಲರ್ಧದಲ್ಲಿ ಕಿಲೋಮೀಟರಿಗೆ 5:37 ಇದ್ದದ್ದು, ಅಲ್ಲಿಂದ ಮೂವತ್ತರವರೆಗೆ ಸುಮಾರು 5:40. ಹೆಚ್ಚುಕಡಿಮೆ ಹಾಗೇ ಇದೆ! ಕೊನೆಯ ಹನ್ನೆರಡು ಕಿಲೋಮೀಟರಿಗೆ ಮಾತ್ರ 6:40. ಅಂದ್ರೆ ನಾನು ಅರ್ಧ ದಾರಿಯಿಂದ ಮೆಲ್ಲಗೆ ಸೋತಿರಲಿಲ್ಲ, ಮೂವತ್ತರ ನಂತರ ಕುಸಿದಿದ್ದೆ.

"ನೀವು ಸಮವಾಗಿ ಓಡಿದ್ರೆ ಅರ್ಧಕ್ಕೆ 2:05 ಬರಬೇಕಿತ್ತು. ಆರು ನಿಮಿಷಕ್ಕಿಂತ ಜಾಸ್ತಿ ಮುಂದೆ ಹೋಗಿದ್ರಿ" ಅಂದಳು. ತರಬೇತಿ ಸಾಲಲಿಲ್ಲ ಅಂತ ನಾನು ಅಂದ್ಕೊಂಡಿದ್ದೆ. ಇರಬಹುದು, ಅದನ್ನ ಈ ಅಂಕಿ ಹೇಳಲ್ಲ. ಆದ್ರೆ ಅವತ್ತು ಬೆಳಿಗ್ಗೆ ಜನರ ಕೂಗು, ಚಪ್ಪಾಳೆ ಕೇಳಿ ನಾನು ನಗ್ತಾ ನಗ್ತಾ ಓಡಿದ್ದು ನೆನಪಿದೆ.

ನೀರು ತಣ್ಣಗಾಗಿತ್ತು. ಮುಂದಿನ ಓಟಕ್ಕೆ ಮೊದಲ ಐದು ಕಿಲೋಮೀಟರಿನ ಸಮಯವನ್ನ ಅವಳೇ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿದಳು.