ಗುರುತಿಲ್ಲದ ಎರಡು ಸಾಲುಗಳು

ಕಳೆದ ಸೆಪ್ಟೆಂಬರ್ 28ರ ರಾತ್ರಿ ನಾನು ನನ್ನ ಮಗನ ಮೇಲೆ ಕೂಗಾಡಿದೆ. ತಿಂಗಳಿಗೆಂದು ಕೊಂಡ 200 ಜಿಬಿ ಡೇಟಾ ಮುಗಿದಿದೆ ಎಂಬ ಸಂದೇಶ ಆಗಷ್ಟೇ ಬಂದಿತ್ತು. ನಮ್ಮ ಲೆಕ್ಕದ ತಿಂಗಳು 7ನೇ ತಾರೀಖಿಗೆ ಆರಂಭವಾಗುವುದರಿಂದ ಇನ್ನೂ ಎಂಟು ದಿನಗಳನ್ನು ಆಮೆವೇಗದಲ್ಲಿ ನೂಕಬೇಕಿತ್ತು. ಹನ್ನೆರಡನೆಯ ತರಗತಿಯ ಹುಡುಗ, ಸದಾ ಲ್ಯಾಪ್‌ಟಾಪಿನ ಮುಂದೆ ಕೂತಿರುವವನು, ಅವನಲ್ಲದೆ ಇನ್ನಾರು? "ನಾನಲ್ಲ ಅಪ್ಪಾ" ಎಂದು ಎರಡು ಬಾರಿ ಹೇಳಿ ಅವನು ಸುಮ್ಮನಾದ. ರಾತ್ರಿ ಹತ್ತರ ನಂತರ ಲ್ಯಾಪ್‌ಟಾಪ್ ನನ್ನ ಕೋಣೆಯಲ್ಲಿರತಕ್ಕದ್ದು ಎಂಬ ಆಜ್ಞೆಯೂ ಹೊರಟಿತು.

ಪುಣೆಯ ಹೊರವಲಯದ ನಮ್ಮ ವಸತಿಗೃಹಗಳಿಗೆ ಫೈಬರ್ ಇನ್ನೂ ಬಂದಿಲ್ಲ. ಸಿಮ್ ಹಾಕಿದ ಪೆಟ್ಟಿಗೆಯೇ ಇಡೀ ಮನೆಗೆ ಆಧಾರ. ಒಟ್ಟು ಎಷ್ಟು ಖರ್ಚಾಯಿತೆಂದು ಕಂಪನಿಯ ಆ್ಯಪ್ ಹೇಳುತ್ತದೆ, ಯಾರು ಖರ್ಚು ಮಾಡಿದರೆಂದು ಹೇಳುವುದಿಲ್ಲ. ಅದನ್ನು ತಿಳಿಯಲು ಸಿಮ್ ಪೆಟ್ಟಿಗೆಯ ಹಿಂದೆ ನನ್ನದೇ ಹಳೆಯ ರೌಟರ್ ಒಂದನ್ನು ಜೋಡಿಸಿದೆ. ಅದರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶವಿತ್ತು. ಸಾಧನವಾರು ಲೆಕ್ಕವಿಡುವ `nlbwmon` ಎಂಬ ಪುಟ್ಟ ಕಾರ್ಯಕ್ರಮವನ್ನು ಅದಕ್ಕೆ ಸೇರಿಸಿದೆ. ಸಿಮ್ ಪೆಟ್ಟಿಗೆಯ ಸ್ವಂತ ವೈಫೈಯನ್ನು ಆರಿಸುವುದನ್ನು ಮರೆಯಲಿಲ್ಲ. ಅದು ಉರಿಯುತ್ತಿದ್ದರೆ ಯಾವುದಾದರೊಂದು ಫೋನು ಆ ಹಿತ್ತಿಲ ಬಾಗಿಲಿನಿಂದ ಹೋಗಿಬರುತ್ತದೆ, ಲೆಕ್ಕಕ್ಕೆ ಸಿಗುವುದಿಲ್ಲ.

ಮೊದಲ ಪ್ರಯತ್ನ ಗುರುವಾರದವರೆಗೆ ಮಾತ್ರ ಬಾಳಿತು. ದುರಸ್ತಿಗೆಂದು ವಿದ್ಯುತ್ ನಿಂತಿತು. ಮರಳಿ ಬಂದಾಗ ಪಟ್ಟಿಯೆಲ್ಲ ಸೊನ್ನೆ. ಆ ಲೆಕ್ಕದ ಪುಸ್ತಕ ಇರುವುದು `/var/lib/nlbwmon` ಎಂಬಲ್ಲಿ, ಮತ್ತು ಅಂಥ ರೌಟರಿನಲ್ಲಿ `/var` ಎಂದರೆ ತಾತ್ಕಾಲಿಕ ಸ್ಮೃತಿ. ಕರೆಂಟು ಹೋದರೆ ಸ್ಲೇಟು ಒರೆಸಿದಂತೆ. ಇನ್ನೊಂದು ತೊಡಕೂ ಇತ್ತು: ಅದರ ತಿಂಗಳು 1ನೇ ತಾರೀಖಿಗೆ ಶುರುವಾಗುತ್ತಿತ್ತು, ಕಂಪನಿಯದು 7ಕ್ಕೆ. ಬೇರೆ ಬೇರೆ ಪಂಚಾಂಗ ಹಿಡಿದವರ ಜಮಾಖರ್ಚು ತಾಳೆಯಾಗುವುದು ಹೇಗೆ? ಎರಡನ್ನೂ ಹೀಗೆ ಸರಿಪಡಿಸಿದೆ:

```
uci set nlbwmon.@nlbwmon[0].database_interval='7'
uci set nlbwmon.@nlbwmon[0].database_directory='/etc/nlbwmon'
uci commit nlbwmon
/etc/init.d/nlbwmon restart
```

ಪುಸ್ತಕ ಈಗ ಶಾಶ್ವತ ಸ್ಮೃತಿಯಲ್ಲಿ ಉಳಿಯುತ್ತದೆ. ಆದರೂ ಅದನ್ನು ಬರೆದಿಡುವುದು ದಿನಕ್ಕೊಮ್ಮೆ ಮಾತ್ರ, ಆದ್ದರಿಂದ ವಿದ್ಯುತ್ ಹೋದರೆ ಆ ದಿನದ ಲೆಕ್ಕ ನಷ್ಟವಾಗಬಹುದು. ಇನ್ನೂ ಬೇಗಬೇಗ ಬರೆಸಿದರೆ ರೌಟರಿನ ಸ್ಮೃತಿ ಸವೆಯುತ್ತದೆ. ಈ ಸಣ್ಣ ನಷ್ಟವನ್ನು ಒಪ್ಪಿಕೊಂಡೆ.

ಅಕ್ಟೋಬರ್ 7ರಿಂದ ಎಣಿಕೆ ಹೊಸದಾಗಿ ಆರಂಭವಾಯಿತು. 200 ಜಿಬಿಯನ್ನು ಮೂವತ್ತು ದಿನಕ್ಕೆ ಹಂಚಿದರೆ ದಿನಕ್ಕೆ ಆರೂಮುಕ್ಕಾಲಿಗಿಂತ ತುಸು ಕಡಿಮೆ. ಹತ್ತು ದಿನಕ್ಕೆ 67 ಮೀರಬಾರದು. 16ರ ರಾತ್ರಿ ಪಟ್ಟಿ ತೆರೆದೆ.

```
nlbw -c show -g mac
```

ಟಿವಿ 24 ಜಿಬಿ, ಮಗನ ಲ್ಯಾಪ್‌ಟಾಪ್ 15, ಅವನ ಫೋನು 6, ಹೆಂಡತಿಯ ಫೋನು 7, ಅಮ್ಮನ ಫೋನು 5. ಕೂಡಿದರೆ 57. ಆದರೆ ಒಟ್ಟು ಮೊತ್ತ 89 ಇತ್ತು. ಉಳಿದ 32 ಜಿಬಿ ಹೆಸರಿಲ್ಲದ ಎರಡು ಸಾಲುಗಳದು: ಒಂದರಲ್ಲಿ 18, ಇನ್ನೊಂದರಲ್ಲಿ 14. ಇದೇ ಗತಿಯಲ್ಲಿ ನಡೆದರೆ ಇಪ್ಪತ್ತಮೂರನೆಯ ದಿನ, ಅಂದರೆ ಮತ್ತೆ ತಿಂಗಳ ಕೊನೆಯ ವಾರಕ್ಕೆ, ಎಲ್ಲ ಬರಿದು.

ಆ ಎರಡು ಸಾಲುಗಳ ಮುಂದೆ ನನ್ನ ಮನಸ್ಸು ಎಲ್ಲೆಲ್ಲಿಗೋ ಹೋಯಿತು. ಪಕ್ಕದ ಮನೆಯವರಿಗೆ ಗುಪ್ತಪದ ಸಿಕ್ಕಿದೆಯೇ? ಮಗ ನಮಗೆ ತಿಳಿಯದಂತೆ ಇನ್ನೊಂದು ಫೋನು ಇಟ್ಟುಕೊಂಡಿದ್ದಾನೆಯೇ? ಎರಡನೆಯ ಊಹೆಯೇ ಹೆಚ್ಚು ಹೊತ್ತು ನಿಂತಿತೆಂದು ಒಪ್ಪಿಕೊಳ್ಳಬೇಕು.

ಪಟ್ಟಿಯ ಪ್ರತಿ ಸಾಲೂ ಒಂದು ಮ್ಯಾಕ್ ವಿಳಾಸ. ಮೊದಲೆಲ್ಲ ಅದು ಸಾಧನಕ್ಕೆ ಕಾರ್ಖಾನೆಯಲ್ಲೇ ಕೊಟ್ಟ ಗುರುತಾಗಿತ್ತು. ಈಗಿನ ಫೋನುಗಳು ತಮ್ಮ ಜಾಡು ಯಾರಿಗೂ ಸಿಗದಿರಲೆಂದು, ಸೇರುವ ಒಂದೊಂದು ವೈಫೈ ಹೆಸರಿಗೆ ಒಂದೊಂದು ಕಲ್ಪಿತ ವಿಳಾಸವನ್ನು ತೊಡುತ್ತವೆ. ಕಲ್ಪಿತವೆಂದು ತಿಳಿಯಲು ಒಂದು ಸುಲಭ ಗುರುತಿದೆ: ವಿಳಾಸದ ಎರಡನೆಯ ಅಕ್ಷರ `2`, `6`, `A`, `E` ಇವುಗಳಲ್ಲೊಂದಾಗಿರುತ್ತದೆ. ನನ್ನ ಅನಾಮಿಕರಲ್ಲಿ ಒಂದು `DA` ಎಂದೂ ಇನ್ನೊಂದು `6E` ಎಂದೂ ಶುರುವಾಗುತ್ತಿದ್ದವು. ನಮ್ಮ ರೌಟರಿನಲ್ಲಿ 2.4 ಮತ್ತು 5 ಗಿಗಾಹರ್ಟ್ಸ್‌ಗಳಿಗೆ ಎರಡು ಬೇರೆ ವೈಫೈ ಹೆಸರುಗಳಿವೆ. ಹಾಗಾದರೆ ಈ ಇಬ್ಬರೂ ಒಬ್ಬನೇ ಆಗಿರಬಹುದು. ಹಜಾರದಲ್ಲಿ ಒಂದು ವೇಷ, ಮಲಗುವ ಕೋಣೆಯಲ್ಲಿ ಇನ್ನೊಂದು.

ಮರುದಿನ ಎಲ್ಲರ ಫೋನುಗಳನ್ನೂ ತರಿಸಿ, ವೈಫೈ ವಿವರಗಳಲ್ಲಿ ಕಾಣುವ ವಿಳಾಸವನ್ನು ಎರಡೂ ಹೆಸರಿನಡಿ ಪಟ್ಟಿಯೊಂದಿಗೆ ಹೋಲಿಸುತ್ತ ಕೂತೆ. ಯಾವುದೂ ಹೊಂದಲಿಲ್ಲ. ಬಾಗಿಲಿಗೆ ಒರಗಿ ನಿಂತಿದ್ದ ಮಗ ಮೆಲ್ಲನೆ ಕೇಳಿದ, "ಅಪ್ಪಾ, ನಿಮ್ಮ ಫೋನು ನೋಡಿದಿರಾ?"

ನೋಡಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ. `DA` ನನ್ನದು, `6E` ಕೂಡ ನನ್ನದೇ.

ಆಗ ಇನ್ನೊಂದು ಅಂಕಣವನ್ನು ಗಮನಿಸಿದೆ. ಆ 32 ಜಿಬಿಯಲ್ಲಿ ಬಹುಪಾಲು ಒಳಬಂದದ್ದಲ್ಲ, ಹೊರಹೋದದ್ದು. ಡೇಟಾ ಎಂದರೆ ನೋಡುವುದಕ್ಕೆ ತಗಲುವ ಖರ್ಚು ಎಂದೇ ನಾವು ತಿಳಿದಿರುತ್ತೇವೆ. ಆದರೆ ನಮ್ಮ ಯೋಜನೆಯಂಥದರಲ್ಲಿ ಕಳಿಸಿದ್ದಕ್ಕೂ ಅದೇ ಲೆಕ್ಕ. ಆ ದಿನಗಳಲ್ಲಿ ನಮ್ಮ ಕನ್ನಡ ಸಂಘದ ರಾಜ್ಯೋತ್ಸವ ನಾಟಕದ ತಾಲೀಮನ್ನು ನಾನು ಭಕ್ತಿಯಿಂದ ಚಿತ್ರಿಸಿಕೊಳ್ಳುತ್ತಿದ್ದೆ. 4ಕೆ ಗುಣಮಟ್ಟದಲ್ಲಿ ನನ್ನ ಫೋನಿಗೆ ನಿಮಿಷಕ್ಕೆ ಸುಮಾರು 350 ಎಂಬಿ ಬೇಕು. ನಲವತ್ತೈದು ನಿಮಿಷದ ತಾಲೀಮಿಗೆ 16 ಜಿಬಿ. ಹತ್ತು ದಿನದಲ್ಲಿ ಅಂಥವು ಎರಡು. ನಾನು ನಿದ್ರಿಸುತ್ತಿದ್ದಾಗ ಫೋಟೋ ಆ್ಯಪ್ ಅವನ್ನು ಮೂಲ ಗುಣಮಟ್ಟದಲ್ಲಿಯೇ ದೂರದ ಕಣಜಕ್ಕೆ ಸಾಗಿಸುತ್ತಿತ್ತು. 'ವೈಫೈ ಇದ್ದಾಗ ಮಾತ್ರ' ಎಂದು ನಾನೇ ಒತ್ತಿದ್ದೆ, ಮಿತವ್ಯಯವೆಂದು ಭಾವಿಸಿ. ವೈಫೈ ಎಂದರೆ ಬಿಟ್ಟಿ ಎಂದು ಫೋನು ತಿಳಿದಿರುತ್ತದೆ. ಅದರ ಹಿಂದೆ ಅಳತೆಯ ಸಿಮ್ ಇದೆಯೆಂದು ಅದಕ್ಕೆ ಯಾರೂ ಹೇಳಿರಲಿಲ್ಲ.

ಹೇಳಲು ದಾರಿಯಿದೆ. ಆಂಡ್ರಾಯ್ಡ್ ಫೋನಿನಲ್ಲಿ ಆ ವೈಫೈಯನ್ನು 'ಮೀಟರ್ಡ್' ಎಂದು ಗುರುತಿಸಬಹುದು, ಐಫೋನಿನಲ್ಲಿ 'ಲೋ ಡೇಟಾ ಮೋಡ್' ಹಾಕಬಹುದು. ಎರಡೂ ವೈಫೈ ಹೆಸರುಗಳಿಗೆ ಪ್ರತ್ಯೇಕವಾಗಿ ಮಾಡಬೇಕೆಂಬುದು ಮುಖ್ಯ. ನಾನು ಅದನ್ನು ಮಾಡಿ, ಆ್ಯಪಿನ ಸ್ವಯಂ ರವಾನೆಯನ್ನೂ ನಿಲ್ಲಿಸಿದೆ. ಉಳಿದವರ 57 ಜಿಬಿಯನ್ನು ಮೂರರಿಂದ ಗುಣಿಸಿದರೆ 171. ಮಗ ಒಂದು ತರಗತಿಯನ್ನೂ ಬಿಡಬೇಕಾಗಿರಲಿಲ್ಲ. ನವೆಂಬರ್ 6ರಂದು, ನಾನು ಕಳೆದಿದ್ದೂ ಸೇರಿ, ಕಂಪನಿಯ ಆ್ಯಪ್ 196 ತೋರಿಸಿತು. ನಮ್ಮ ಪಟ್ಟಿ 192 ಅಂದಿತ್ತು. ಈ ಅಂತರ ಇದ್ದೇ ಇರುತ್ತದೆ, ಕೊನೆಗೆ ನಡೆಯುವುದು ಕಂಪನಿಯ ಮಾತೇ. ಹಾಗಾಗಿ ಈಗ ನಾವು 190ನ್ನೇ ಮಿತಿಯೆಂದು ಇಟ್ಟುಕೊಂಡಿದ್ದೇವೆ.

ಆ ಪಟ್ಟಿ ಹೇಳಲಾರದ ಒಂದು ಸಂಗತಿಯಿದೆ. ಇಂದು ಹೆಚ್ಚುಕಡಿಮೆ ಎಲ್ಲವೂ ಮುಚ್ಚಿದ ಲಕೋಟೆಯಲ್ಲಿ ಓಡಾಡುವುದರಿಂದ, ಮಗನ 15 ಜಿಬಿ ಭೌತಶಾಸ್ತ್ರದ ಪಾಠವೋ ಕ್ರಿಕೆಟ್ಟೋ ಎಂದು ರೌಟರಿಗೆ ತಿಳಿಯದು. ತೂಕ ಮಾತ್ರ ಗೊತ್ತು. ಮಿಕ್ಕದ್ದನ್ನು ತುಂಬಿಕೊಂಡದ್ದು ನನ್ನ ಅನುಮಾನ.

ಲ್ಯಾಪ್‌ಟಾಪನ್ನು ಅವನ ಮೇಜಿನ ಮೇಲಿಟ್ಟು, ತಪ್ಪಾಯಿತೆಂದೆ. "ಇರಲಿ ಬಿಡಿ" ಎಂದ. ಈಗ ಆ ಪಟ್ಟಿಯ ಗುಪ್ತಪದ ಮನೆಯಲ್ಲಿ ಎಲ್ಲರಿಗೂ ಗೊತ್ತು. ನನ್ನ ಎರಡು ಸಾಲುಗಳಿಗೆ ಅವನೇ ಹೆಸರು ಕೊಟ್ಟಿದ್ದಾನೆ: 'ಅಪ್ಪ 1', 'ಅಪ್ಪ 2'.