ಬಿಡ್ತು ಅನ್ನಿ

ಅಂಗಡಿ ಪೂಜೆಗೆ ಬಂದವರು ಯಾರೂ ಕೆಟ್ಟದ್ದು ಬಯಸಿ ಬರುವುದಿಲ್ಲ. ಆದರೂ ಅಲ್ಲಿ ಆಡಿದ ಒಂದಾದರೂ ಮಾತಿಗೆ ಮನೆಯ ಹಿರಿಯರು 'ಬಿಡ್ತು ಅನ್ನು' ಎಂದು ಗದರುತ್ತಾರೆ. ಅಸ್ತು ದೇವತೆಗಳು ನಮ್ಮ ಸುತ್ತಲೇ ಓಡಾಡುತ್ತಿರುತ್ತಾರೆ, ಆಡಿದ್ದಕ್ಕೆಲ್ಲ 'ಅಸ್ತು' ಎಂದುಬಿಡುತ್ತಾರೆ ಎಂಬ ನಂಬಿಕೆ. ಅವರಿಗೆ ನಮ್ಮ ಮನಸ್ಸಿನಲ್ಲಿರುವುದು ಬೇಕಿಲ್ಲ, ಬಾಯಿಂದ ಬಿದ್ದದ್ದು ಸಾಕು.

'ನಷ್ಟ ಆಗದೇ ಇರಲಿ ಕಣೋ' ಎನ್ನುತ್ತೇವೆ. ಕನ್ನಡದಲ್ಲಿ ಬೇಡವೆನ್ನುವುದು ವಾಕ್ಯದ ಕೊನೆಯಲ್ಲಿ ಬರುತ್ತದೆ, ಅಷ್ಟರಲ್ಲಿ 'ನಷ್ಟ' ಕಿವಿಗೆ ಬಿದ್ದಾಗಿರುತ್ತದೆ. 'ಹೋಗ್ತೀನಿ' ಎನ್ನದೆ 'ಹೋಗಿ ಬರ್ತೀನಿ' ಎನ್ನುವುದು, ದೀಪವನ್ನು ಆರಿಸದೆ 'ಶಾಂತ' ಮಾಡುವುದು ಇಂಥ ಎಚ್ಚರದಿಂದಲೇ.

ಅತಿ ಹೊಗಳಿಕೆಯೂ ಅಷ್ಟೇ. 'ಇನ್ನೇನಪ್ಪ, ವರ್ಷದೊಳಗೆ ನಾಲ್ಕು ಬ್ರಾಂಚು!' ಎಂದರೆ ದೃಷ್ಟಿಯಾಗುತ್ತದೆ ಎನ್ನುತ್ತಾರೆ. ದೃಷ್ಟಿಯನ್ನು ನಂಬದವರೂ ಒಂದನ್ನು ಯೋಚಿಸಬಹುದು. ಅಡ್ವಾನ್ಸಿಗೆ ಅಮ್ಮನ ಬಳೆ ಅಡವಿಟ್ಟವನಿಗೆ ಆ ಮಾತು ಹಾರೈಕೆಯಾಗಿ ಕೇಳುವುದಿಲ್ಲ, ತೀರಿಸಬೇಕಾದ ಇನ್ನೊಂದು ಸಾಲದಂತೆ ಕೇಳುತ್ತದೆ.

ನನ್ನ ಗೆಳೆಯ ಹಾಗೆ ಅಡವಿಟ್ಟೇ ಕಾಲೇಜಿನ ಎದುರು ಜೆರಾಕ್ಸ್ ಅಂಗಡಿ ತೆರೆದ. ಅದೇ ಮಳಿಗೆಯಲ್ಲಿ ಹಿಂದೆ ಎರಡು ಅಂಗಡಿ ಬಾಗಿಲು ಹಾಕಿದ್ದವು. ಪೂಜೆಯ ದಿನ ನೆಂಟರೊಬ್ಬರು ಪ್ರೀತಿಯಿಂದಲೇ, 'ಇಲ್ಲಿ ಯಾರಿಗೂ ಕೈಹತ್ತಲಿಲ್ಲ, ನಿನಗಾದ್ರೂ ಹತ್ತಲಿ' ಎಂದರು. ಪ್ರಸಾದ ಹಂಚುತ್ತಿದ್ದ ಅವನ ಅಮ್ಮನ ಕೈ ಅಲ್ಲೇ ನಿಂತಿತು. 'ಬಿಡ್ತು ಅನ್ನಿ' ಎಂದರು. ಅವರೂ 'ಬಿಡ್ತು' ಎಂದರು, ಆದರೆ ಗೆಳೆಯನ ಮುಖ ಸಪ್ಪಗಾಗಿತ್ತು.

ಅದನ್ನು ಸರಿಮಾಡಿದ್ದು ಪಕ್ಕದ ಟೀ ಅಂಗಡಿಯ ಯಜಮಾನರು. 'ವ್ಯಾಪಾರ ಕುದುರಲಿ' ಎಂದಷ್ಟೇ ಹೇಳಿ 45 ರೂಪಾಯಿಯ ನೋಟ್‌ಬುಕ್ ಕೈಗೆತ್ತಿಕೊಂಡರು. ಗೆಳೆಯ, 'ನಿಮ್ಮ ಹತ್ರ ದುಡ್ಡಾ ಅಣ್ಣ, ಹಾಗೇ ತಗೊಳ್ಳಿ' ಎಂದ. 'ಬೋಣಿ ಹೊತ್ತಲ್ಲಿ ಬಿಟ್ಟಿ ಕೊಡಬಾರದಪ್ಪ' ಎಂದು 50ರ ನೋಟು ಕೊಟ್ಟರು. ಚೌಕಾಸಿಯಿಲ್ಲ, ಉದ್ರಿಯಿಲ್ಲ. 'ಚಿಲ್ಲರೆ ನೀನೇ ಇಟ್ಕೋ' ಎಂದೂ ಅನ್ನಲಿಲ್ಲ, ಐದು ರೂಪಾಯಿ ಕೇಳಿ ಪಡೆದರು. ಬೋಣಿ ವ್ಯಾಪಾರವಾಗಿರಬೇಕು, ದಾನವಾಗಬಾರದು. ಗೆಳೆಯ ನೋಟನ್ನು ಕಣ್ಣಿಗೊತ್ತಿ ಲಕ್ಷ್ಮಿಯ ಪಟದ ಮುಂದಿಟ್ಟ. ನಾನೂ ಒಂದು ಪೆನ್ನು ಕೊಂಡೆ, ಪೂರ್ತಿ ಬೆಲೆಗೆ.

'ಕುದುರು' ಎಂಬ ಆ ಪದ ನೋಡಿ. ಮದುವೆ ಮಾತು ಕುದುರುತ್ತದೆ, ಜ್ವರದಿಂದೆದ್ದವನು ಕುದುರಿಕೊಳ್ಳುತ್ತಾನೆ. ಅದರಲ್ಲಿ ಕೋಟಿಯ ಲೆಕ್ಕವಿಲ್ಲ, ನಷ್ಟದ ನೆನಪೂ ಇಲ್ಲ. ನಿಧಾನವಾಗಿ ನೆಲೆಯೂರುವುದಕ್ಕೆ ಬೇಕಾದ ಸಮಯವನ್ನು ಅದು ಕೊಡುತ್ತದೆ.

ಹಾಗೆಂದು ಜಾಗದ ಬಗ್ಗೆ ಅನುಮಾನವಿದ್ದರೆ ನುಂಗಿಕೊಳ್ಳಬೇಕೆಂದಲ್ಲ. ಅದನ್ನು ಅಡ್ವಾನ್ಸ್ ಕೊಡುವ ಮೊದಲು, ಒಬ್ಬನೇ ಸಿಕ್ಕಾಗ, ಬಿಡಿಸಿ ಹೇಳಬೇಕು. ತೆಂಗಿನಕಾಯಿ ಒಡೆದ ಮೇಲೆ ಗೆಳೆಯರಿಗೆ ಉಳಿಯುವ ಕೆಲಸ ಒಂದೇ: ಬೇಕಾದ್ದನ್ನು ಅಲ್ಲೇ ಕೊಳ್ಳುವುದು, ನಗದು ಕೊಟ್ಟು.