ಎಲೆ ಎಣಿಸಿದರೂ ಮೊಬೈಲಿನಲ್ಲಿ ಲೆಕ್ಕ ಯಾಕೆ ಕೂಡುವುದಿಲ್ಲ

ಇಸ್ಪೀಟಾಟದ ಸುದ್ದಿ ನಮಗೆ ಹೊಸದಲ್ಲ. ಜಾತ್ರೆ ಮುಗಿದ ಮಾರನೇ ದಿನ ತೋಟದ ಮನೆಯಲ್ಲಿ ಅಂದರ್ ಬಾಹರ್, ಪೊಲೀಸರ ದಾಳಿ, ಇಷ್ಟು ಜನರ ಬಂಧನ, ಇಷ್ಟು ನಗದು ವಶ ಅಂತ ನಾಲ್ಕು ಸಾಲು ಬರೆದು ಕಳಿಸುವುದು ಜಿಲ್ಲಾ ವರದಿಗಾರರಾದ ನಮಗೆ ಕೈಗೆ ಕೂತ ಕೆಲಸ. ಈಗಿನದು ಹಾಗೆ ಕಣ್ಣಿಗೆ ಬೀಳುವುದಿಲ್ಲ. ಹುಡುಗ ಪಂಪ್‌ಸೆಟ್ ಹತ್ತಿರ ಕರೆಂಟಿಗೆ ಕಾಯುತ್ತಾ ಕೂತಿರುತ್ತಾನೆ, ಕೈಯಲ್ಲಿ ಫೋನು. ನೋಡಿದವರು ರೀಲ್ಸ್ ನೋಡುತ್ತಿದ್ದಾನೆ ಅಂದುಕೊಳ್ಳುತ್ತಾರೆ.

ನಮ್ಮ ತಾಲ್ಲೂಕಿನ ಒಬ್ಬ ಹುಡುಗ ಹೀಗೆ ಮೆಕ್ಕೆಜೋಳ ಮಾರಿದ ದುಡ್ಡಿನಲ್ಲಿ 62 ಸಾವಿರ ಕಳೆದುಕೊಂಡ. ಆಟದ ಹೆಸರು ಬ್ಲ್ಯಾಕ್‌ಜಾಕ್. ಅವನ ಹತ್ತಿರ ಒಂದು ಇನ್ನೂರು ಪುಟದ ನೋಟ್‌ಬುಕ್ ಇತ್ತು, ಅದರ ತುಂಬಾ ಕೂಡಿಸುವ ಕಳೆಯುವ ಲೆಕ್ಕ. "ಅಣ್ಣಾ, ಇದು ಜೂಜಲ್ಲ. ಎಲೆ ಎಣಿಸೋದು. ಅಮೆರಿಕದಲ್ಲಿ ಇದರಿಂದಲೇ ಶ್ರೀಮಂತರಾಗಿದ್ದಾರೆ" ಅಂದ. ಎಣಿಸುವುದನ್ನು ಅವನಿಗೆ ಕಲಿಸಿದವನು ಟೆಲಿಗ್ರಾಂನಲ್ಲಿ 2,999 ರೂಪಾಯಿಗೆ ಕೋರ್ಸ್ ಮಾರುವ ಒಬ್ಬ.

ಹುಡುಗ ಹೇಳಿದ್ದರಲ್ಲಿ ಅರ್ಧ ನಿಜ. ಅದಕ್ಕೇ ಇದನ್ನು ಬಿಡಿಸಿ ಬರೆಯಬೇಕು ಅನ್ನಿಸಿತು.

ಮೊದಲು ಆಟ ಏನು ಅಂತ ಎರಡು ಮಾತು. ನಿಮಗೆ ಎರಡು ಎಲೆ, ಹಂಚುವವನಿಗೆ ಎರಡು. 21ಕ್ಕೆ ಹತ್ತಿರ ಹೋದವನು ಗೆದ್ದ, 21 ದಾಟಿದವನು ಸತ್ತ. ರಾಜ, ರಾಣಿ, ಗುಲಾಮನಿಗೆ ಹತ್ತರ ಬೆಲೆ, ಎಕ್ಕಕ್ಕೆ ಒಂದು ಅಥವಾ ಹನ್ನೊಂದು. ಮೊದಲೆರಡು ಎಲೆಯಲ್ಲೇ ಒಂದು ಎಕ್ಕ, ಒಂದು ಹತ್ತರ ಎಲೆ ಬಂದರೆ ಅದೇ ಬ್ಲ್ಯಾಕ್‌ಜಾಕ್. ಆಗ ನೂರು ರೂಪಾಯಿಗೆ ನೂರೈವತ್ತು ಸಿಗುತ್ತದೆ. ಹಂಚುವವನಿಗೆ ಅದೇ ಬಂದರೆ ಅವನು ನಿಮ್ಮಿಂದ ತೆಗೆದುಕೊಳ್ಳುವುದು ನೂರು ಮಾತ್ರ. ಅಂದರೆ ಕಟ್ಟಿನಲ್ಲಿ ಎಕ್ಕ ಮತ್ತು ಹತ್ತುಗಳು ಜಾಸ್ತಿ ಉಳಿದಿದ್ದರೆ ಆಡುವವನಿಗೆ ಲಾಭ. ಸಣ್ಣ ಎಲೆಗಳು ಉಳಿದಿದ್ದರೆ ಮನೆಯವನಿಗೆ, ಅಂದರೆ ಆಟ ನಡೆಸುವವನಿಗೆ ಲಾಭ.

1962ರಲ್ಲಿ ಎಡ್ವರ್ಡ್ ಥಾರ್ಪ್ ಎಂಬ ಅಮೆರಿಕದ ಗಣಿತದ ಮೇಷ್ಟ್ರು ಇದನ್ನೇ ಲೆಕ್ಕ ಹಾಕಿ ‘ಬೀಟ್ ದ ಡೀಲರ್’ ಅಂತ ಪುಸ್ತಕ ಬರೆದರು. ಆಮೇಲೆ ಬಂದವರು ಅದನ್ನು ಬೆರಳಲ್ಲಿ ಎಣಿಸುವಷ್ಟು ಸುಲಭ ಮಾಡಿದರು. ಎರಡರಿಂದ ಆರರವರೆಗಿನ ಎಲೆ ಹೋದರೆ ಒಂದು ಕೂಡಿಸು, ಹತ್ತು ಅಥವಾ ಎಕ್ಕ ಹೋದರೆ ಒಂದು ಕಳೆ, ಏಳು ಎಂಟು ಒಂಬತ್ತನ್ನು ಬಿಡು. ಲೆಕ್ಕ ಮೇಲೇರಿದಾಗ ಬಾಜಿ ಏರಿಸು, ಇಳಿದಾಗ ಇಳಿಸು. ನೆವಾಡಾದ ಕ್ಯಾಸಿನೊಗಳಲ್ಲಿ ಇದರಿಂದ ದುಡ್ಡು ಮಾಡಿದವರಿದ್ದಾರೆ, ಸುಳ್ಳಲ್ಲ. ಹಿಡಿದು ಹೊರಗೆ ಕಳಿಸಿಕೊಂಡವರೂ ಇದ್ದಾರೆ.

ಆದರೆ ಆ ವಿದ್ಯೆ ಪೂರಾ ನಿಂತಿರುವುದು ಒಂದೇ ಮಾತಿನ ಮೇಲೆ: ಹೋದ ಎಲೆ ಹೋಯಿತು, ಕಟ್ಟಿಗೆ ವಾಪಸ್ ಬರಬಾರದು.

ನಮ್ಮ ಊರಿನ ಲಕ್ಕಿ ಚೀಟಿ ನೆನಪು ಮಾಡಿಕೊಳ್ಳಿ. ಇಪ್ಪತ್ತು ಜನ, ತಿಂಗಳಿಗೆ ಒಬ್ಬರ ಹೆಸರು ಎತ್ತುತ್ತಾರೆ. ಎತ್ತಿದ ಹೆಸರನ್ನು ಮತ್ತೆ ಡಬ್ಬಿಗೆ ಹಾಕುವುದಿಲ್ಲ. ಮೊದಲ ತಿಂಗಳು ನಿಮಗೆ ಇಪ್ಪತ್ತರಲ್ಲಿ ಒಂದು ಅವಕಾಶ. ಹದಿನೈದನೇ ತಿಂಗಳ ಹೊತ್ತಿಗೂ ನಿಮ್ಮ ಹೆಸರು ಬಂದಿಲ್ಲ ಅಂದರೆ ಡಬ್ಬಿಯಲ್ಲಿ ಆರೇ ಹೆಸರು, ಆರರಲ್ಲಿ ಒಂದು ಅವಕಾಶ. ಯಾರ್ಯಾರಿಗೆ ಬಂತು ಅಂತ ಬರೆದಿಟ್ಟುಕೊಂಡವನಿಗೆ ಅದು ಗೊತ್ತಿರುತ್ತದೆ. ಈಗ ಚೀಟಿ ನಡೆಸುವವರು ಪ್ರತಿ ತಿಂಗಳೂ ಎತ್ತಿದ ಹೆಸರನ್ನು ಮತ್ತೆ ಡಬ್ಬಿಗೆ ಹಾಕಿ ಕುಲುಕುತ್ತಾರೆ ಅಂದುಕೊಳ್ಳಿ. ಆಗ ಹದಿನೈದನೇ ತಿಂಗಳೂ ಇಪ್ಪತ್ತರಲ್ಲಿ ಒಂದೇ. ನೀವು ಬರೆದಿಟ್ಟ ಪಟ್ಟಿಯಲ್ಲಿ ಒಂದಕ್ಷರವೂ ಸುಳ್ಳಿಲ್ಲ, ಆದರೆ ಅದು ಯಾವ ಕೆಲಸಕ್ಕೂ ಬರುವುದಿಲ್ಲ.

ಮೊಬೈಲಿನ ಬ್ಲ್ಯಾಕ್‌ಜಾಕ್ ಈ ಎರಡನೇ ಥರದ ಚೀಟಿ. ಒಂದು ಸುತ್ತು ಮುಗಿದ ಕೂಡಲೇ ಕಂಪ್ಯೂಟರ್ ಹಳೆಯ ಕಟ್ಟನ್ನು ಬಿಸಾಕಿ ಹೊಸ ಕಟ್ಟು ಕಲಸುತ್ತದೆ. ಕೈಯಲ್ಲಿ ಕಲಸಲು ಡೀಲರಿಗೆ ಒಂದೆರಡು ನಿಮಿಷ ಬೇಕು, ಅಷ್ಟು ಹೊತ್ತು ದುಡ್ಡು ಓಡಾಡುವುದಿಲ್ಲ, ಹಾಗಾಗಿ ಅವನು ಪ್ರತಿ ಸುತ್ತಿಗೂ ಕಲಸಲಾರ. ಕಂಪ್ಯೂಟರಿಗೆ ಆ ತೊಂದರೆಯೇ ಇಲ್ಲ.

ಹುಡುಗನ ನೋಟ್‌ಬುಕ್ಕಿನ ಒಂದು ಪುಟವನ್ನೇ ತೆಗೆದುಕೊಳ್ಳೋಣ. ಒಂದೇ ಕಟ್ಟಿನ ಆಟ, 52 ಎಲೆ, ಬಾಜಿ ನೂರು ರೂಪಾಯಿ. ಅವನಿಗೆ ಬಂದದ್ದು ನಾಲ್ಕು, ಐದು. ಮತ್ತೆ ತೆಗೆದದ್ದು ಮೂರು, ಆಮೇಲೆ ಆರು. ಒಟ್ಟು 18. ಡೀಲರಿಗೆ ಎರಡು, ಐದು, ನಾಲ್ಕು, ಆರು, ಒಟ್ಟು 17. ಹುಡುಗ ಗೆದ್ದ. ಎಂಟಕ್ಕೆ ಎಂಟೂ ಸಣ್ಣ ಎಲೆ, ಅಂದರೆ ಲೆಕ್ಕ ಕೂಡು ಎಂಟು. ಕೋರ್ಸಿನಲ್ಲಿ ಹೇಳಿದಂತೆ ಮುಂದಿನ ಸುತ್ತಿಗೆ ಬಾಜಿಯನ್ನು ಸಾವಿರಕ್ಕೆ ಏರಿಸಿದ.

ನಿಜವಾದ ಮೇಜಿನ ಮೇಲೆ, ಅದೇ ಕಟ್ಟನ್ನು ಮುಂದುವರಿಸಿದ್ದರೆ, ಇದು ಸರಿಯಾದ ನಡೆ. ಉಳಿದ 44 ಎಲೆಯಲ್ಲಿ ಹದಿನಾರು ಹತ್ತುಗಳೂ ನಾಲ್ಕು ಎಕ್ಕಗಳೂ ಹಾಗೇ ಕೂತಿವೆ. ಬ್ಲ್ಯಾಕ್‌ಜಾಕ್ ಬರುವ ಸಾಧ್ಯತೆ ಸುಮಾರು ಹದಿನೈದು ಸುತ್ತಿಗೆ ಒಂದು. ಹೊಸ ಕಟ್ಟಿನಲ್ಲಾದರೆ ಅದು ಸುಮಾರು ಇಪ್ಪತ್ತೊಂದು ಸುತ್ತಿಗೆ ಒಂದು. ಈ ವ್ಯತ್ಯಾಸವೇ ಎಣಿಸುವವನ ಬಂಡವಾಳ. ಆದರೆ ಹುಡುಗ ಸಾವಿರ ಒತ್ತುವ ಹೊತ್ತಿಗೆ ಕಟ್ಟು 52ಕ್ಕೆ ವಾಪಸ್ ಹೋಗಿತ್ತು. ಹದಿನೈದಕ್ಕೊಂದು ಅಂತ ನಂಬಿ ಅವನು ದುಡ್ಡು ಹಾಕಿದ್ದು ಇಪ್ಪತ್ತೊಂದಕ್ಕೊಂದರ ಮೇಲೆ.

ಅದಕ್ಕೆ ಸಾಕ್ಷಿ ಅದೇ ಪುಟದಲ್ಲಿತ್ತು. ಪಾಪ, ಹುಡುಗ ಎಲೆಯ ಬಣ್ಣವನ್ನೂ ಬರೆದಿಟ್ಟಿದ್ದ. ಮೊದಲ ಸುತ್ತಿನಲ್ಲಿ ಅವನ ಕೈಗೆ ಬಂದ ಕಳಾವರ್ ಐದು, ಎರಡನೇ ಸುತ್ತಿನಲ್ಲಿ ಮತ್ತೆ ಅವನ ಕೈಗೇ ಬಂದಿತ್ತು. ಒಂದು ಕಟ್ಟಿನಲ್ಲಿ ಕಳಾವರ್ ಐದು ಒಂದೇ ಇರುವುದು. ಹೋದ ಎಲೆ ಮರುಸುತ್ತಿಗೆ ಬಂತು ಅಂದರೆ ಕಟ್ಟು ಕಲಸಿದ್ದಾರೆ ಅಂತಲೇ ಅರ್ಥ. ಬೆರಳಿಟ್ಟು ತೋರಿಸಿದಾಗ ಹುಡುಗ ತುಂಬಾ ಹೊತ್ತು ಆ ಎರಡು ಸಾಲನ್ನೇ ನೋಡುತ್ತಿದ್ದ. ಇದರಲ್ಲಿ ಮೋಸವೂ ಇಲ್ಲ. ಪ್ರತಿ ಸುತ್ತಿಗೂ ಕಟ್ಟು ಕಲಸಲಾಗುತ್ತದೆ ಅಂತ ಆ್ಯಪಿನ ನಿಯಮಗಳ ಪುಟದಲ್ಲೇ ಇಂಗ್ಲಿಷಿನಲ್ಲಿ ಒಂದು ಸಾಲು ಇತ್ತು. ಹತ್ತು ಸ್ಕ್ರೀನ್ ಕೆಳಗೆ ಯಾರು ಓದುತ್ತಾರೆ?

"ಹಾಗಾದ್ರೆ ಆ ಒಂದು ಸುತ್ತಿನೊಳಗಾದ್ರೂ ಎಣಿಸಬಹುದಲ್ಲ?" ಅಂತ ಕೇಳಿದ. ಒಳ್ಳೆ ಪ್ರಶ್ನೆ. ಆದರೆ ಎಲೆ ಕಾಣುವುದು ಬಾಜಿ ಕಟ್ಟಿದ ಮೇಲೆ. ಎಣಿಸುವವನ ದುಡ್ಡೆಲ್ಲಾ ಬರುವುದು ಬಾಜಿಯನ್ನು ಏರಿಸಿ ಇಳಿಸುವುದರಿಂದ, ಆ ಬಾಗಿಲು ಎಲೆ ಬೀಳುವ ಮೊದಲೇ ಮುಚ್ಚಿರುತ್ತದೆ. ಉಳಿಯುವುದು ಸಣ್ಣಪುಟ್ಟ ತೀರ್ಮಾನಗಳು. ಅವುಗಳಲ್ಲಿ ಆಸೆ ಹುಟ್ಟಿಸುವಂಥದ್ದು ‘ಇನ್ಶೂರೆನ್ಸ್’. ಡೀಲರಿನ ಕಾಣುವ ಎಲೆ ಎಕ್ಕ ಆಗಿದ್ದರೆ, ಅವನ ಮುಚ್ಚಿದ ಎಲೆ ಹತ್ತು ಅಂತ ಬಾಜಿಯ ಅರ್ಧದಷ್ಟು ಬೇರೆ ಕಟ್ಟಬಹುದು. ಹತ್ತು ಬಂದರೆ ಕಟ್ಟಿದ್ದಕ್ಕೆ ಎರಡರಷ್ಟು.

ನಿಮಗೆ ಒಂಬತ್ತು, ಏಳು ಬಂದಿದೆ ಅಂತಿಟ್ಟುಕೊಳ್ಳಿ. ಡೀಲರಿನದು ಎಕ್ಕ. ಕಾಣದ ಎಲೆ 49, ಅದರಲ್ಲಿ ಹತ್ತುಗಳು 16. ಒಂದೂ ಹತ್ತು ಹೊರಬಿದ್ದಿಲ್ಲ, ಇದಕ್ಕಿಂತ ಒಳ್ಳೆ ಸ್ಥಿತಿ ಹೊಸ ಕಟ್ಟಿನಲ್ಲಿ ನಿಮಗೆ ಸಿಗಲಾರದು. ಐವತ್ತು ರೂಪಾಯಿಯಂತೆ 49 ಸಲ ಕಟ್ಟಿದರೆ, ಲೆಕ್ಕದ ಪ್ರಕಾರ 16 ಸಲ ನೂರರಂತೆ 1,600 ಬರುತ್ತದೆ, 33 ಸಲ ಐವತ್ತರಂತೆ 1,650 ಹೋಗುತ್ತದೆ. ಅಷ್ಟು ಒಳ್ಳೆ ಸ್ಥಿತಿಯಲ್ಲೂ ಐವತ್ತು ರೂಪಾಯಿ ಕೈಬಿಡುತ್ತದೆ. ನಿಮ್ಮ ಕೈಯಲ್ಲೇ ಒಂದು ಹತ್ತಿದ್ದರೆ ಇನ್ನೂರು ಹೋಗುತ್ತದೆ. ಒಬ್ಬರೇ ಆಡುವಾಗ, ಹೊಸ ಕಟ್ಟಿನಲ್ಲಿ, ಎಷ್ಟೇ ಚೆನ್ನಾಗಿ ಎಣಿಸಿದರೂ ಇದು ಲಾಭಕ್ಕೆ ತಿರುಗುವುದಿಲ್ಲ.

ಎಣಿಸಿದ್ದರಿಂದ ಉಪಯೋಗವಿಲ್ಲ ಅಷ್ಟೇ ಅಂದುಕೊಂಡರೆ ಪೂರ್ತಿ ಆಗಲಿಲ್ಲ, ಅದರಿಂದ ನಷ್ಟ ಬೆಳೆಯುತ್ತದೆ. ನಿಯಮ ಚೆನ್ನಾಗಿದ್ದು, ಒಂದೂ ತಪ್ಪಿಲ್ಲದೆ ಆಡಿದರೂ ಈ ಆಟದಲ್ಲಿ ನೂರು ರೂಪಾಯಿ ಬಾಜಿಗೆ ಸರಾಸರಿ ಐವತ್ತು ಪೈಸೆ ಮನೆಯವನಿಗೆ ಹೋಗುತ್ತದೆ. ಫೋನಿನಲ್ಲಿ ಒಂದು ಸುತ್ತಿಗೆ ಹದಿನೈದು ಸೆಕೆಂಡ್ ಅಂದರೆ ಗಂಟೆಗೆ 240 ಸುತ್ತು. ಎಲ್ಲಕ್ಕೂ ನೂರರಂತೆ ಕಟ್ಟಿದರೆ 24,000 ಓಡಾಡುತ್ತದೆ, ಹೋಗುವುದು ಸುಮಾರು 120. ಎಣಿಸುತ್ತೇನೆ ಅಂತ ಮೂರರಲ್ಲಿ ಒಂದು ಸುತ್ತಿಗೆ ಸಾವಿರ ಏರಿಸಿದರೆ ಓಡಾಡುವುದು 96,000, ಹೋಗುವುದು 480. ಸರಾಸರಿಯ ಮಾತು ಇದು. ನಿಜದಲ್ಲಿ ಒಂದು ಗಂಟೆಯಲ್ಲಿ ಸಾವಿರಗಟ್ಟಲೆ ಮೇಲೆ ಕೆಳಗೆ ಆಗುತ್ತದೆ, ಸಾವಿರದ ಬಾಜಿ ನಾಲ್ಕೈದು ಒಟ್ಟಿಗೆ ಗೆದ್ದ ದಿನವೂ ಇರುತ್ತದೆ. ಆ ದಿನ ನೋಟ್‌ಬುಕ್ ನಿಜ ಅನ್ನಿಸಿಬಿಡುತ್ತದೆ. ಹುಡುಗನ ನೋಟ್‌ಬುಕ್ಕಿನಲ್ಲಿ ಅಂಥ ದಿನಗಳಿಗೆ ಕೆಂಪು ಪೆನ್ನಿನಲ್ಲಿ ಗುರುತಿತ್ತು.

ಇನ್ನೊಂದು ವಿಷಯ ನಮಗೆ ಕುತೂಹಲ ಅನ್ನಿಸಿತು. ನೂರರಿಂದ ಹತ್ತು ಸಾವಿರಕ್ಕೆ ಏಕಾಏಕಿ ಜಿಗಿಯುವವನನ್ನು ಕ್ಯಾಸಿನೊದಲ್ಲಾದರೆ ಕ್ಯಾಮೆರಾ ಹಾಕಿ ಕಾಯುತ್ತಾರೆ. ಆ್ಯಪಿನಲ್ಲಿ ಯಾರೂ ತಡೆಯುವುದಿಲ್ಲ, ಏರಿಸುವುದಕ್ಕೆ ದೊಡ್ಡದೊಂದು ಬಟನ್ ಕೊಟ್ಟಿದ್ದಾರೆ.

ಕೋರ್ಸ್ ಮಾರಿದವನಿಗೆ ನಾವೇ ಫೋನ್ ಮಾಡಿದೆವು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾಯ್ದೆ ಮಾಡಿ ನಿಷೇಧಿಸಿದೆ, ಹೊರದೇಶದ ಲಿಂಕ್ ಕೊಟ್ಟು ಹುಡುಗರನ್ನು ಆಡಿಸುತ್ತಿದ್ದೀರಲ್ಲ ಅಂದಾಗ ನಕ್ಕ. ಪ್ರತಿ ಸುತ್ತಿಗೂ ಹೊಸ ಕಟ್ಟು ಬಂದರೆ ಏನನ್ನು ಎಣಿಸುವುದು ಅಂತ ಕೇಳಿದಾಗ ಸ್ವಲ್ಪ ತಡೆದ. ಆಮೇಲೆ, "ಅದು ಸಾದಾ ಟೇಬಲ್ ಸಾರ್. ಲೈವ್ ಟೇಬಲ್ ಆಡಬೇಕು, ಅಲ್ಲಿ ನಿಜವಾದ ಎಲೆ, ನಿಜವಾದ ಹುಡುಗಿ ಹಂಚ್ತಾಳೆ" ಅಂದ.

ಎಲೆ ನಿಜವೇ. ಆದರೆ ಅಂಥ ಮೇಜಿನಲ್ಲಿ ಸಾಮಾನ್ಯವಾಗಿ ಎಂಟು ಕಟ್ಟು ಸೇರಿಸಿರುತ್ತಾರೆ, 416 ಎಲೆ. ಹುಡುಗನ ಅದೇ ಎಂಟು ಸಣ್ಣ ಎಲೆ ಅಲ್ಲಿ ಹೊರಬಿದ್ದರೆ ಬ್ಲ್ಯಾಕ್‌ಜಾಕಿನ ಸಾಧ್ಯತೆ ಇಪ್ಪತ್ತೊಂದಕ್ಕೊಂದು ಇದ್ದದ್ದು ಇಪ್ಪತ್ತಕ್ಕೊಂದು ಆಗುತ್ತದೆ, ಅಷ್ಟೇ. ಲೆಕ್ಕ ಬಲವಾಗಬೇಕಾದರೆ ಕಟ್ಟಿನ ತಳದವರೆಗೆ ಹೋಗಬೇಕು. ಅರ್ಧದ ಹತ್ತಿರ ಒಂದು ಪ್ಲಾಸ್ಟಿಕ್ ಎಲೆ ತೂರಿಸಿ, ಅದು ಬಂದ ಕೂಡಲೇ ಎಲ್ಲವನ್ನೂ ಮತ್ತೆ ಕಲಸುತ್ತಾರೆ. ಕೆಲವು ಮೇಜಿನಲ್ಲಿ ಅದೂ ಇಲ್ಲ, ಸದಾ ಕಲಸುತ್ತಲೇ ಇರುವ ಒಂದು ಪೆಟ್ಟಿಗೆ ಇರುತ್ತದೆ. ಸುತ್ತು ಮುಗಿದ ಎಲೆಗಳನ್ನು ಹಿಂದಿನಿಂದ ತುರುಕಿದರೆ ಮುಂದಿನಿಂದ ಕಲಸಿದ ಎಲೆ ಬರುತ್ತದೆ. ಪೆಟ್ಟಿಗೆಯ ಬಾಯಲ್ಲಿ ಮೊದಲೇ ನಿಂತ ಕೆಲವು ಎಲೆಗಳನ್ನು ಬಿಟ್ಟರೆ, ಆಡಿದ ಎಲೆ ಎರಡು ಮೂರು ಸುತ್ತಿನಲ್ಲೇ ಮತ್ತೆ ಕೈಗೆ ಬಂದರೂ ಬಂದೀತು.

ಇಷ್ಟನ್ನೂ ಅವನಿಗೆ ಹೇಳಿ ಮುಗಿಸುವಷ್ಟರಲ್ಲಿ ಫೋನ್ ಕಟ್ ಆಗಿತ್ತು. ಸಂಜೆ ಹುಡುಗನ ಟೆಲಿಗ್ರಾಂಗೆ ಒಂದು ಮೆಸೇಜ್ ಬಂತು. ಲೈವ್ ಟೇಬಲ್ ಸ್ಪೆಷಲ್ ಕೋರ್ಸ್, ಹಳೇ ವಿದ್ಯಾರ್ಥಿಗಳಿಗೆ 4,999 ಮಾತ್ರ.